ಕೇಳಿದ್ದು ಮುನ್ನೂರು, ಕೊಟ್ಟದ್ದು ಆರು ಸಾವಿರ

ಕೃತಕ ಹಲ್ಲು ಕೊರೆದು ಮಾಡುವ ಯಂತ್ರಕ್ಕೆ ಹದಿನಾಲ್ಕು ಲಕ್ಷ. ಅದರ ಜೊತೆ ಬೇಕೇ ಬೇಕಾದ, ಹಲ್ಲು ಸುಡುವ ಕುಲುಮೆಗೆ ಮೂರೂವರೆ. ಕರೆಂಟಿನ ಲೈನು ಬದಲಾಯಿಸಲು ಅರುವತ್ತು ಸಾವಿರ. ತರಬೇತಿ ಪುಕ್ಕಟೆ ಎಂದು ಕಂಪನಿಯವರು ದಪ್ಪ ಅಕ್ಷರದಲ್ಲಿ ಹಾಕಿದ್ದರು. ತರಬೇತಿ ಕೊಡಲು ಬರುವವನ ಊಟ, ರೂಮು ಕೊಳ್ಳುವವರದೇ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಊಟ ಬಿಟ್ಟು ಲೆಕ್ಕ ಹಾಕಿದರೂ ಹದಿನೆಂಟು ಲಕ್ಷದ ಮೇಲೆ ಹತ್ತು ಸಾವಿರ. ಲ್ಯಾಬಿನ ಖಾತೆಯಲ್ಲಿದ್ದದ್ದು ಹದಿನೈದು ಲಕ್ಷ.

ಆ ಮೂರು ಲಕ್ಷ ಚಿಲ್ಲರೆಯ ಕೊರತೆ ಅತ್ತಿಗೆಯ ನಿದ್ದೆ ಕೆಡಿಸಿತ್ತು.

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಯಜಮಾನ ಅವಳ ಗಂಡ. ಹಲ್ಲಿನ ಸೆಟ್ಟು, ಕ್ಯಾಪು, ಬ್ರಿಡ್ಜು ಮಾಡುವುದರಲ್ಲಿ ಪಳಗಿದ ಕೈ. ಅವನ ತಮ್ಮ ಇನ್ನೊಬ್ಬ ಪಾಲುದಾರ. ಬಾಯಿಗೆ ಬಿಡುವಿಲ್ಲದವನಾದ್ದರಿಂದ ಅವನಿಗೆ ರೇಡಿಯೋ ಎಂದು ಹೆಸರು ಬಿದ್ದಿತ್ತು. ಇಬ್ಬರೂ ಒಳಗಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಹೊರಗಿನ ಕೋಣೆ ಅತ್ತಿಗೆಯದು. ದಂತವೈದ್ಯರ ಕ್ಲಿನಿಕ್ಕುಗಳಿಂದ ಬರುವ ಹಲ್ಲಿನ ಅಚ್ಚುಗಳನ್ನು ಪಡೆದುಕೊಳ್ಳುವುದು, ಬಿಲ್ಲು ಬರೆಯುವುದು, ಬಾಕಿ ವಸೂಲು ಮಾಡುವುದು, ಬ್ಯಾಂಕು ನೋಡಿಕೊಳ್ಳುವುದು ಎಲ್ಲ ಅವಳ ಪಾಲು. ಮೇಜಿನ ಮೇಲೆ ಸುಣ್ಣದ ಪುಡಿಯಂಥ ಪ್ಲಾಸ್ಟರ್ ಧೂಳು ಸದಾ ಕೂತಿರುತ್ತಿತ್ತು. ಎಷ್ಟು ಒರೆಸಿದರೂ ಫೋನಿನ ಗಾಜಿನ ಮೇಲೆ ಅವಳ ಬೆರಳಿನ ಗುರುತು ಬಿಳಿಯಾಗಿ ಉಳಿಯುತ್ತಿತ್ತು.

ಯಂತ್ರ ತರದಿದ್ದರೆ ಉಳಿಗಾಲವಿರಲಿಲ್ಲ. ಡಾಕ್ಟರುಗಳು ಅಚ್ಚು ತೆಗೆಯುವುದನ್ನು ಬಿಟ್ಟು ಬಾಯಿಯ ಚಿತ್ರವನ್ನು ಕಂಪ್ಯೂಟರಿನಲ್ಲೇ ಕಳಿಸತೊಡಗಿದ್ದರು. ಇಬ್ಬರು ಡಾಕ್ಟರು ಆಗಲೇ ಬೇರೆ ಲ್ಯಾಬಿಗೆ ಹೋಗಿದ್ದರು. ಮೂರನೆಯವರು, "ವರ್ಷದ ಕೊನೆವರೆಗೆ ಕಾಯ್ತೀನಮ್ಮ, ಆಮೇಲೆ ನನ್ನನ್ನ ಬೈಕೋಬೇಡಿ" ಎಂದಿದ್ದರು.

ಆ ಹೊತ್ತಿಗೆ ಅತ್ತಿಗೆಯ ಫೋನಿಗೆ ಷೇರು ಕಲಿಸುವ ಗುಂಪೊಂದು ಬಂದು ಸೇರಿತು. ಯಾರು ಸೇರಿಸಿದರೋ ಗೊತ್ತಿಲ್ಲ. ನೂರ ನಲವತ್ತು ಜನ. ಬೆಳಿಗ್ಗೆ ಒಬ್ಬ ಪ್ರೊಫೆಸರ್ ಪಾಠ ಹೇಳುತ್ತಿದ್ದ. ಸಂಜೆ ಜನ ತಮಗೆ ಬಂದ ಲಾಭದ ಚಿತ್ರ ಹಾಕಿ ಪ್ರೊಫೆಸರ್‌ಗೆ ಕೈ ಮುಗಿಯುತ್ತಿದ್ದರು. ಒಬ್ಬಳು ಮಗಳ ಫೀಸು ಕಟ್ಟಿದೆ ಎಂದು ಬರೆದಳು, ನಿವೃತ್ತ ಮೇಷ್ಟ್ರೊಬ್ಬರು ಸ್ಕೂಟರ್ ಕೊಂಡೆ ಎಂದು ಬರೆದರು. ಅತ್ತಿಗೆ ಎರಡು ವಾರ ಸುಮ್ಮನೆ ಓದಿದಳು. ಆಮೇಲೆ ಪ್ರೊಫೆಸರ್‌ನ ಸಹಾಯಕಿ ಅವಳಿಗೇ ಬೇರೆಯಾಗಿ ಮೆಸೇಜು ಹಾಕಿದಳು: ಅಕ್ಕ, ನೀವು ದಿನಾ ಪಾಠ ಓದ್ತೀರಿ, ಒಂದು ಪ್ರಶ್ನೆನೂ ಕೇಳಲ್ಲ, ಸಂಕೋಚವಾ? ಜೊತೆಗೊಂದು ಹೂವು. ಆ್ಯಪಿನ ಕೊಂಡಿಯನ್ನೂ ಅವಳೇ ಕಳಿಸಿದಳು. ಎಲ್ಲರೂ ಆ್ಯಪು ಇಳಿಸಿಕೊಳ್ಳುವ ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲ. ಇದು ದೊಡ್ಡ ಹೂಡಿಕೆದಾರರ ಆ್ಯಪು ಅಕ್ಕ, ಸಾರ್ವಜನಿಕರಿಗಲ್ಲ, ಎಂದಳು ಸಹಾಯಕಿ.

ಅತ್ತಿಗೆ ಪೆದ್ದಿಯಲ್ಲ. ಬಾಕಿ ಇಟ್ಟುಕೊಂಡ ಡಾಕ್ಟರ ಕ್ಲಿನಿಕ್ಕಿನ ಬಾಗಿಲಲ್ಲಿ ರೋಗಿಗಳ ನಡುವೆ ಕೂತು, "ನಂಗೇನೂ ಅವಸರ ಇಲ್ಲ, ನೀವು ಮುಗಿಸ್ಕೊಳ್ಳಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಣ ಎಣಿಸಿಕೊಂಡು ಬಂದವಳು. ಅವಳು ಲ್ಯಾಬಿನ ಪದ್ಧತಿಯಂತೆಯೇ ನಡೆದಳು. ಹಲ್ಲಿನ ಸೆಟ್ಟನ್ನು ಅಲ್ಲಿ ಒಂದೇಟಿಗೆ ಮಾಡುವುದಿಲ್ಲ. ಮೊದಲು ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಟ್ರಯಲ್‌ಗೆ ಕಳಿಸುತ್ತಾರೆ. ಡಾಕ್ಟರು ಅದನ್ನು ರೋಗಿಯ ಬಾಯಲ್ಲಿಟ್ಟು, ನಕ್ಕು ತೋರಿಸಿ ಎಂದು ನೋಡಿ, ಸರಿ ಎಂದ ಮೇಲಷ್ಟೇ ಮೇಣ ಹೋಗಿ ಗಟ್ಟಿ ಸೆಟ್ಟು ಆಗುವುದು. ಟ್ರಯಲ್ ಸರಿಯಾದರೆ ಅರ್ಧ ಕೆಲಸ ಮುಗಿದಂತೆ ಎಂಬುದು ಯಜಮಾನನ ಮಾತು. ಹಾಗೆಯೇ ಅವಳು ಹತ್ತು ಸಾವಿರ ಹಾಕಿದಳು. ಐದನೆಯ ದಿನ ಅದು ಹನ್ನೊಂದು ಸಾವಿರದ ಇನ್ನೂರಾಯಿತು. ಅಷ್ಟನ್ನೂ ವಾಪಸು ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನ ಖಾತೆಗೆ ಬಂದು ಬಿತ್ತು.

ಟ್ರಯಲ್ ಸರಿಯಾಯಿತು. ಅಲ್ಲಿಗೆ ಅವಳ ಅನುಮಾನವೂ ಮುಗಿಯಿತು.

ನಲವತ್ತು ಸಾವಿರ ಹಾಕಿದಳು. ಆಮೇಲೆ ಒಂದು ಲಕ್ಷ. ಆಮೇಲೆ ಎರಡು ಸಲ ಒಂದೂವರೆ. ದಿನಕ್ಕೆ ಎರಡು ಲಕ್ಷದವರೆಗೆ ಅವಳೊಬ್ಬಳೇ ಕಳಿಸಬಹುದಿತ್ತು. ಅದು ದಾಟಿದರೆ ಪಾಲುದಾರರಲ್ಲೊಬ್ಬರು ತಮ್ಮ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಆ್ಯಪಿನಲ್ಲಿ ನಾಲ್ಕು ಲಕ್ಷ ನಲವತ್ತು ಸಾವಿರ ಹನ್ನೊಂದು ಲಕ್ಷ ಎಪ್ಪತ್ತು ಸಾವಿರವಾಗಿ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಸೋಮವಾರ ಯಂತ್ರದ ಕಂಪನಿಯವನು ಬರುವವನಿದ್ದ. ಅಷ್ಟರಲ್ಲಿ ಎಲ್ಲ ಹಿಂದಕ್ಕೆ ತೆಗೆದು, ಸಾಲದೆ ಹೋಗಿದ್ದನ್ನು ಸೇರಿಸಿ, ಯಜಮಾನನ ಮುಂದೆ ಇಡಬೇಕೆಂದು ಅವಳ ಆಸೆ.

ಶುಕ್ರವಾರ ಬೆಳಿಗ್ಗೆ ಆ್ಯಪು ಅಭಿನಂದನೆ ಹೇಳಿತು.

ಹೊಸದಾಗಿ ಷೇರು ಮಾರುಕಟ್ಟೆಗೆ ಬರುವ ಯಾವುದೋ ಕಂಪನಿಗೆ ಸಹಾಯಕಿಯ ಮಾತು ಕೇಳಿ ಅತ್ತಿಗೆ ಅರ್ಜಿ ಹಾಕಿದ್ದಳು. ಷೇರಿಗೆ ನೂರೈವತ್ತರಂತೆ ಮುನ್ನೂರು ಷೇರು. ನಲವತ್ತೈದು ಸಾವಿರವನ್ನು ಆ್ಯಪು ಆಗಲೇ ಹಿಡಿದುಕೊಂಡಿತ್ತು. ಈಗ ನೋಡಿದರೆ, ನಿಮಗೆ ಆರು ಸಾವಿರ ಷೇರು ಹಂಚಿಕೆಯಾಗಿದೆ, ಬೆಲೆ ಒಂಬತ್ತು ಲಕ್ಷ, ಹಿಡಿದಿಟ್ಟದ್ದು ಕಳೆದು ಎಂಟು ಲಕ್ಷ ಐವತ್ತೈದು ಸಾವಿರ ಇಂದು ಸಂಜೆ ನಾಲ್ಕರೊಳಗೆ ಕಟ್ಟಬೇಕು ಎಂದಿತ್ತು. ಕೆಳಗೆ ಕೆಂಪಕ್ಷರ: ಕಟ್ಟದಿದ್ದರೆ ಖಾತೆ ಸ್ಥಗಿತ, ಇರುವ ಹಣ ಮುಟ್ಟುಗೋಲು, ಕಾನೂನು ಕ್ರಮ.

ಅತ್ತಿಗೆ ಮೊತ್ತವನ್ನು ಎರಡು ಸಲ ಓದಿದಳು. ಸಹಾಯಕಿಗೆ ಬರೆದಳು. ಹೂವಿನ ಜೊತೆಗೇ ಉತ್ತರ ಬಂತು. ಅಕ್ಕ, ಎಷ್ಟು ಅದೃಷ್ಟ ನಿಮ್ಮದು! ಸೋಮವಾರ ಇದು ದುಪ್ಪಟ್ಟು. ಬೇಗ ಕಟ್ಟಿ, ಪ್ರೊಫೆಸರ್ ನಿಮ್ಮ ಹೆಸರು ಹೇಳಿ ಜವಾಬ್ದಾರಿ ತಗೊಂಡಿದ್ದಾರೆ.

ಲ್ಯಾಬಿನ ಖಾತೆಯಲ್ಲಿ ಉಳಿದಿದ್ದದ್ದು ಹತ್ತು ಲಕ್ಷ ಅರುವತ್ತು ಸಾವಿರ ಚಿಲ್ಲರೆ. ಇದನ್ನೂ ಕಳಿಸಿದರೆ ಎರಡು ಲಕ್ಷ ಉಳಿಯುತ್ತದೆ. ಕಳಿಸದಿದ್ದರೆ ಒಳಗಿರುವುದೆಲ್ಲ ಹೋಗುತ್ತದೆ. ಹೀಗೂ ಹೆದರಿಕೆ, ಹಾಗೂ ಹೆದರಿಕೆ. ಎರಡು ಸಲ ಬಚ್ಚಲಿಗೆ ಹೋಗಿ ಬಂದಳು. ಮೂರನೆಯ ಸಲ ಏಳುವಾಗ ಹೊರಬಾಗಿಲಿನ ಬೆಲ್ಲು ಹೊಡೆಯಿತು. ಪೊಲೀಸರೇ ಬಂದರೆಂದು ಅವಳು ಗೋಡೆ ಹಿಡಿದು ನಿಂತುಬಿಟ್ಟಳು. ಬಂದವನು ಕ್ಲಿನಿಕ್ಕಿನ ಕೊರಿಯರಿನವನು.

"ಏನಕ್ಕಾ, ಮುಖ ಪ್ಲಾಸ್ಟರ್ ಆಗಿದೆ?" ಎಂದ ಅವನು ಡಬ್ಬ ಇಡುತ್ತ.

"ಧೂಳು ಕಣಪ್ಪ, ಧೂಳು," ಎಂದಳು.

ಮಧ್ಯಾಹ್ನ ಎರಡೂವರೆಗೆ ಅವಳು ಒಳಗಿನ ಕೋಣೆಗೆ ಹೋದಳು. ಯಜಮಾನ ಬೆನ್ನು ಹಾಕಿ ಉಜ್ಜುವ ಯಂತ್ರದ ಮುಂದೆ ಕೂತಿದ್ದ. ಅದರ ಕೀರಲು ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವಂತಿರಲಿಲ್ಲ. ರೇಡಿಯೋ ಕಿಟಕಿಯ ಹತ್ತಿರ ಸಣ್ಣ ದೀಪದ ಉರಿಯಲ್ಲಿ ಚಾಕು ಕಾಯಿಸಿ ಮೇಣ ತಿದ್ದುತ್ತಿದ್ದ.

"ಸ್ವಲ್ಪ ಹೊರಗೆ ಬಾ," ಎಂದಳು.

"ಬರ್ತೀನಿ ಇರಿ ಅತ್ತಿಗೆ, ಈ ಅಜ್ಜನಿಗೆ ಮುಂದಿನೆರಡು ಹಲ್ಲು ಕೂರಿಸ್ಬಿಡ್ತೀನಿ. ಮೊಮ್ಮಗಳ ಮದುವೆಲಿ ಫೋಟೋಗೆ ನಗಬೇಕಂತೆ."

"ಈಗಲೇ ಬಾ."

ಅವಳ ದನಿ ಕೇಳಿ ಅವನು ಚಾಕು ಕೆಳಗಿಟ್ಟ. ಹೊರಗೆ ಬಂದ ಮೇಲೆ ಅವಳು ಬಾಗಿಲು ಎಳೆದುಕೊಂಡಳು.

"ನಿನ್ನ ಫೋನಿಗೆ ಬ್ಯಾಂಕಿಂದ ಒಂದು ಒಪ್ಪಿಗೆ ಬಂದಿರುತ್ತೆ. ಒತ್ತಿಬಿಡು."

"ಎಷ್ಟಕ್ಕೆ?"

"ಎಂಟೂವರೆ. ಯಂತ್ರದ್ದು. ಅಡ್ವಾನ್ಸು."

"ಸೋಮವಾರ ಅಂತಿದ್ರು?" ಎನ್ನುತ್ತ ಅವನು ಫೋನು ತೆಗೆದ. ಗುಪ್ತ ಸಂಖ್ಯೆಯನ್ನೂ ಹೊಡೆದ. ಒತ್ತುವ ಮೊದಲು, ಅವನಿಗೆ ಯಾವುದನ್ನಾದರೂ ಗಟ್ಟಿಯಾಗಿ ಓದುವ ಚಾಳಿಯಿದ್ದುದರಿಂದ, ಹಣ ಹೋಗುವವರ ಹೆಸರು ಓದಿದ. ಅದು ಟೈಲ್ಸು ಮತ್ತು ಮಾರ್ಬಲ್ಲು ಮಾರುವ ಯಾವುದೋ ಅಂಗಡಿಯ ಹೆಸರಾಗಿತ್ತು.

"ಅತ್ತಿಗೆ, ಇವರು ಬಚ್ಚಲಿಗೆ ಕಲ್ಲು ಹಾಕೋರು. ಹಲ್ಲಿಗೂ ಹಾಕ್ತಾರಾ?"

ಅವಳು ನಗಲಿಲ್ಲ. ಕುರ್ಚಿ ಹಿಡಿದುಕೊಂಡು ಕೂತಳು. "ಅದು ಏಜೆಂಟರ ಖಾತೆಯಂತೆ. ಪ್ರತಿ ಸಲ ಬೇರೆ ಬೇರೆ ಕೊಡ್ತಾರೆ. ಮೊದಲನೇದು ಟ್ರಾವೆಲ್ಸು, ಆಮೇಲೆ ಯಾರೋ ಒಬ್ಬ ಮನುಷ್ಯನ ಹೆಸರು, ನಿನ್ನೆಯಿಂದ ಇದು..."

"ಪ್ರತಿ ಸಲ ಅಂದ್ರೆ?"

ಅವಳು ಹೇಳಿದಳು. ಒಮ್ಮೆ ಶುರು ಮಾಡಿದ ಮೇಲೆ ಎಲ್ಲವೂ ಬಂತು. ರೇಡಿಯೋ ಆಗಾಗ ತಲೆ ಅಲ್ಲಾಡಿಸುತ್ತ ಕೇಳಿದ. ಅವನ ಬಾಯಿ ಅಷ್ಟು ಹೊತ್ತು ಮುಚ್ಚಿಕೊಂಡಿದ್ದನ್ನು ಅವಳು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಅದರಿಂದಲೇ ಅವಳಿಗೆ ಇನ್ನಷ್ಟು ಭಯವಾಯಿತು.

"ಅಣ್ಣನಿಗೆ?"

"ಗೊತ್ತಿಲ್ಲ. ನಿಮ್ಮಣ್ಣನಿಗೆ ಹೇಳ್ಬೇಡ, ನಿನ್ನ ದಮ್ಮಯ್ಯ. ಇದೊಂದು ಒತ್ತಿಬಿಡು. ಸೋಮವಾರ ಎಲ್ಲ ವಾಪಸ್ ಬರುತ್ತೆ."

"ತೋರಿಸಿ ನೋಡೋಣ."

ಅವಳು ಆ್ಯಪು ತೆರೆದು ಕೊಟ್ಟಳು. ಹಸಿರು ಸಂಖ್ಯೆ ನೋಡಿ ರೇಡಿಯೋನ ಕಣ್ಣು ನಿಂತಿತು. ಮನುಷ್ಯ ಮನುಷ್ಯನೇ. "ಹನ್ನೊಂದು ಎಪ್ಪತ್ತಾ? ನಾಲ್ಕಕ್ಕೆ?" ಎಂದ. "ಈ ಆರು ಸಾವಿರ ಷೇರು ದುಪ್ಪಟ್ಟಾದ್ರೆ ಹದಿನೆಂಟು. ಅತ್ತಿಗೆ, ಯಂತ್ರ ಒಂದಲ್ಲ, ಎರಡು ತಗೋಬಹುದಲ್ರೀ." ಹೆಬ್ಬೆರಳು ತಿರುಗಿ ತನ್ನ ಫೋನಿನ ಒಪ್ಪಿಗೆಯ ಗುಂಡಿಯ ಮೇಲೆ ಬಂತು. ಎರಡೂ ಫೋನು ಅವನ ಎರಡು ಕೈಯಲ್ಲಿದ್ದವು. ಅತ್ತಿಗೆ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಇಳಿಯಲಿ ಎಂದು ಅವಳ ಅರ್ಧ ಜೀವ ಬೇಡುತ್ತಿತ್ತು.

"ಒಂದು ಮಾತ್ರ ತಮಾಷೆಯಾಗಿದೆ ನೋಡಿ," ಎಂದ ರೇಡಿಯೋ. ಸುಮ್ಮನಿರಲು ಅವನಿಗೆ ಆಗುತ್ತಿರಲಿಲ್ಲ. "ನೀವು ಕೇಳಿದ್ದು ಮುನ್ನೂರು, ಅವರು ಕೊಟ್ಟಿದ್ದು ಆರು ಸಾವಿರ. ಡಾಕ್ಟರು ಒಂದು ಹಲ್ಲು ಮಾಡಿಕೊಡಿ ಅಂದ್ರೆ, ನಾವು ಬಾಯಿ ತುಂಬ ಮೂವತ್ತೆರಡೂ ಮಾಡಿ, ಸಾಯಂಕಾಲದೊಳಗೆ ದುಡ್ಡು ಕೊಡಿ, ಇಲ್ದಿದ್ರೆ ಇರೋ ಹಲ್ಲೂ ಕೀಳ್ತೀವಿ ಅಂದ ಹಾಗಾಯ್ತು."

ಹೇಳಿ ಅವನೇ ನಕ್ಕ. ಅವಳೂ ತುಸು ನಕ್ಕಳು. ಆಮೇಲೆ ಇಬ್ಬರ ನಗುವೂ ಒಟ್ಟಿಗೇ ನಿಂತಿತು.

"ಬೆರಳು ತೆಗಿ," ಎಂದಳು ಅತ್ತಿಗೆ.

ಅವನು ಫೋನನ್ನು ಬಿಸಿ ಪಾತ್ರೆಯಂತೆ ಮೇಜಿನ ಮೇಲಿಟ್ಟ.

"ಟ್ರಯಲ್ ಸರಿಯಾಗಿತ್ತು ಕಣೋ," ಎಂದಳು ಅವಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಹತ್ತು ಹಾಕಿ ಹನ್ನೊಂದು ತೆಗೆದೆ. ಖಾತೆಗೆ ಬಂತು."

"ಅತ್ತಿಗೆ, ಟ್ರಯಲ್ಲು ಮೇಣದ್ದು. ಅದನ್ನ ಹಾಕ್ಕೊಂಡು ನಗಬಹುದು ಅಷ್ಟೆ. ಅದರಲ್ಲಿ ಯಾರಾದ್ರೂ ಕಡಿದು ತಿಂತಾರಾ?" ಈ ಸಲ ಅವನ ಮಾತಿನಲ್ಲಿ ತಮಾಷೆಯಿರಲಿಲ್ಲ. "ಈಗ ತೆಗೀರಿ. ಇಪ್ಪತ್ತೇ ಸಾವಿರ ತೆಗೀರಿ, ನೋಡೋಣ."

ಅವಳು ಇಪ್ಪತ್ತು ಸಾವಿರ ವಾಪಸು ಕೇಳಿ ಗುಂಡಿ ಒತ್ತಿದಳು. ವೃತ್ತವೊಂದು ತಿರುಗಿತು. ಹಂಚಿಕೆಯ ಬಾಕಿ ಇರುವವರೆಗೆ ಹಣ ಹಿಂತೆಗೆಯಲು ಅವಕಾಶವಿಲ್ಲ ಎಂಬ ಸಾಲು ಬಂತು. ಐದು ಸಾವಿರ ಕೇಳಿದಳು. ಅದೇ ಸಾಲು. ನೂರು ಕೇಳಿದಳು. ಅದೇ ಸಾಲು. ಹಸಿರು ಸಂಖ್ಯೆ ಮಾತ್ರ ಮೇಲೆ ತಣ್ಣಗೆ ಕೂತು, ನೋಡನೋಡುತ್ತಿದ್ದಂತೆ ಇನ್ನೂ ನಾನೂರು ಹೆಚ್ಚಾಯಿತು.

ಆ ನಾನೂರು ಅವಳನ್ನು ಹೆದರಿಸಿದಷ್ಟು ಕೆಂಪಕ್ಷರಗಳೂ ಹೆದರಿಸಿರಲಿಲ್ಲ.

ಆಗಲೇ ಸಹಾಯಕಿಯ ಕರೆ ಬಂತು. ಇಷ್ಟು ದಿನ ಬರೀ ಮೆಸೇಜು ಹಾಕುತ್ತಿದ್ದವಳು. ರೇಡಿಯೋ ಎತ್ತಬೇಡಿ ಎಂದು ಸನ್ನೆ ಮಾಡಿದ. ಅತ್ತಿಗೆ ಎತ್ತಿ, ಅವನಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಅಕ್ಕ, ಮೂರು ಗಂಟೆ ಆಯ್ತು. ಇನ್ನೂ ಬಂದಿಲ್ವಲ್ಲ?" ದನಿ ಎಳೆಯದು, ಸಿಹಿಯಾಗಿತ್ತು. ಹಿಂದೆ ತುಂಬ ಜನ ಮಾತಾಡುವ ಸದ್ದು.

"ಕಟ್ತೀನಮ್ಮ. ಒಂದು ಮಾತು ಕೇಳ್ಲಾ? ನನ್ನದು ಒಳಗೇ ಹನ್ನೊಂದು ಎಪ್ಪತ್ತಿದೆ ಅಲ್ವಾ? ಅದನ್ನೇ ಮಾರಿ, ಎಂಟೂವರೆ ಮುರ್ಕೊಳ್ಳಿ. ಉಳಿದಿದ್ದು ಅಲ್ಲೇ ಇರ್ಲಿ. ನಂಗೇನೂ ವಾಪಸ್ ಬೇಡ."

"ಹಾಗೆ ಬರಲ್ಲ ಅಕ್ಕ. ನಿಯಮ ಇದೆ. ಹೊಸ ಹಣವೇ ಬರಬೇಕು."

"ನನ್ನ ದುಡ್ಡು ನಿಮ್ಮ ಹತ್ರನೇ ಇದೆ. ನೀವೇ ತಗೊಳ್ಳಿ ಅಂತಿದೀನಲ್ಲ."

"ಅದು ಮಾರುಕಟ್ಟೆಯಲ್ಲಿದೆ ಅಕ್ಕ."

"ಮಾರಿ."

"ಆಗಲ್ಲ."

"ಯಾಕೆ ಆಗಲ್ಲ? ಇಲ್ಲದೇ ಇದ್ರೆ ಮಾತ್ರ ಮುರ್ಕೊಳ್ಳೋಕಾಗಲ್ಲ." ಬಾಕಿ ವಸೂಲಿಯ ದನಿ ಅವಳಿಗೆ ಅರಿವಿಲ್ಲದೆ ಬಂದಿತ್ತು. "ಇದ್ಯೋ ಇಲ್ವೋ ಅಷ್ಟು ಹೇಳಮ್ಮ ಸಾಕು."

ಫೋನು ಕೈ ಬದಲಾಯಿಸಿದ ಸದ್ದು ಬಂತು. ಈಗ ಗಂಡಸಿನ ದನಿ. ಅವನು ಅಕ್ಕ ಎನ್ನಲಿಲ್ಲ. ಅವಳ ಪೂರ್ತಿ ಹೆಸರು ಹೇಳಿದ. ಲ್ಯಾಬಿನ ವಿಳಾಸ ಹೇಳಿದ, ಎಷ್ಟನೆಯ ಮಹಡಿ ಎಂಬುದನ್ನೂ ಸೇರಿಸಿ. ನಿಮ್ಮ ಗುರುತಿನ ಚೀಟಿ ನಮ್ಮಲ್ಲಿದೆ, ನಾಲ್ಕಕ್ಕೆ ಬಾಕಿದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಹೋಗುತ್ತದೆ, ಐದಕ್ಕೆ ಅಲ್ಲಿಗೆ ಜನ ಬರುತ್ತಾರೆ, ಎಂದ. ಕರೆ ಕಡಿದುಹೋಯಿತು.

ವಿಳಾಸವನ್ನು ಆ್ಯಪಿಗೆ ಕೊಟ್ಟವಳು ತಾನೇ ಎಂದು ಅತ್ತಿಗೆಗೆ ಗೊತ್ತಿದ್ದರೂ, ಯಾರೋ ಬಾಗಿಲ ಹೊರಗೇ ನಿಂತು ಹೇಳಿದಂತಿತ್ತು. ಎದ್ದು ಹೋಗಿ ಚಿಲಕ ಹಾಕಿದಳು. ಬಂದು ಫೋನು ಎತ್ತಿಕೊಂಡು ಆ್ಯಪನ್ನು ಅಳಿಸಲು ಬೆರಳಿಟ್ಟಳು.

"ಅಳಿಸಬೇಡಿ! ಏನಂತ ತೋರಿಸ್ತೀರಿ ಆಮೇಲೆ?" ರೇಡಿಯೋ ಫೋನು ಕಿತ್ತುಕೊಂಡ.

"ಯಾರಿಗೂ ತೋರಿಸಲ್ಲ ನಾನು. ನಂಗೆ ನಾಚಿಕೆ."

"ನಾಚ್ಕೆ ಸಾಯಂಕಾಲ ಪಡೋಣ ಅತ್ತಿಗೆ. ಕೊನೇ ಒಂದೂವರೆ ಯಾವಾಗ ಕಳಿಸಿದ್ರಿ?"

"ನಿನ್ನೆ ಸಂಜೆ."

"ನಡೀರಿ ಬ್ಯಾಂಕಿಗೆ. ನಾನು ದಾರಿಲೇ ಅದ್ಯಾವುದೋ ದೂರಿನ ನಂಬರ್‌ಗೆ ಫೋನ್ ಮಾಡ್ತೀನಿ."

ಒಳಗಿನ ಕೋಣೆಯ ಸದ್ದು ನಿಂತಿತ್ತು. ಅದು ಯಾವಾಗ ನಿಂತಿತೋ ಇಬ್ಬರೂ ಗಮನಿಸಿರಲಿಲ್ಲ. ಯಜಮಾನ ಬಾಗಿಲಲ್ಲಿ ನಿಂತಿದ್ದ. ಕನ್ನಡಕದ ಮೇಲೆ, ಹುಬ್ಬಿನ ಮೇಲೆ ಬಿಳಿ ಧೂಳು.

"ಯಾವ ಬ್ಯಾಂಕಿಗೆ?" ಎಂದ.

ಅತ್ತಿಗೆ ಇಷ್ಟು ದಿನ ಹೆದರಿದ್ದು ಈ ಕ್ಷಣಕ್ಕೇ. ಪ್ರೊಫೆಸರ್‌ಗಲ್ಲ, ಕೆಂಪಕ್ಷರಕ್ಕಲ್ಲ. "ರೀ," ಎಂದಳು, "ಯಂತ್ರದ ದುಡ್ಡಲ್ಲಿ ನಾಲ್ಕು ಲಕ್ಷ ನಲವತ್ತು ಸಾವಿರ ಕಳೆದಿದೀನಿ. ಮೋಸ ಹೋದೆ. ಉಳಿದಿದ್ದು ಖಾತೆಲಿದೆ."

ಯಜಮಾನ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. ಒರೆಸುತ್ತಲೇ ಇದ್ದ.

"ನಾನು ಕೇಳಿದ್ನಾ ನಿನ್ನ?" ಎಂದ ಕೊನೆಗೆ. "ಮೂರು ಲಕ್ಷ ಕಡಮೆ ಇದೆ, ಎಲ್ಲಿಂದಾದ್ರೂ ತಾ ಅಂತ ಯಾವತ್ತಾದ್ರೂ ಕೇಳಿದ್ನಾ?"

"ಇಲ್ಲ."

"ಮತ್ಯಾಕೆ?"

ರೇಡಿಯೋ ಬಾಗಿಲ ಹತ್ತಿರ ನಿಂತು, "ಅಣ್ಣ, ಜಗಳ ಬಂದ ಮೇಲೆ ಆಡು. ಬ್ಯಾಂಕಿನ ಬಾಗಿಲು ಮುಚ್ಚುತ್ತೆ," ಎಂದ.

ಯಜಮಾನ ಬೀಗದ ಕೈ ತೆಗೆದುಕೊಂಡ. "ನಾನೂ ಬರ್ತೀನಿ," ಎಂದ.

ಬ್ಯಾಂಕಿನಲ್ಲಿ ಕೂರಿಸಿ ಕೇಳಿದವರು ಒಬ್ಬ ನಡುವಯಸ್ಸಿನ ಮೇಡಂ. ಮೊದಲ ಮಾತಿಗೇ ಅವರು, "ಎಷ್ಟು ಸಲ, ಯಾವ ಖಾತೆಗೆ, ಯಾವತ್ತು? ಕೊನೇದು ಮೊದಲು ಹೇಳಿ" ಎಂದರು. ಅತ್ತಿಗೆ ಹೇಳುತ್ತ ಹೋದಳು, ಅವರು ಪ್ರತಿ ವ್ಯವಹಾರದ ನಂಬರನ್ನೂ ಗುರುತು ಹಾಕಿಕೊಂಡು ಹಣ ಹೋದ ಬ್ಯಾಂಕುಗಳಿಗೆ ತಡೆ ಹಿಡಿಯಲು ಬರೆದರು. ಒಪ್ಪಿಗೆಗೆ ಕಾದಿದ್ದ ಎಂಟೂವರೆಯನ್ನು ಅವರೆದುರೇ ರದ್ದು ಮಾಡಿಸಿದರು. ಪಕ್ಕದಲ್ಲಿ ರೇಡಿಯೋ ದೂರಿನ ನಂಬರಿನವರ ಹತ್ತಿರ ಅದನ್ನೇ ಓದಿ ಹೇಳುತ್ತಿದ್ದ.

"ಮೇಡಂ, ನನಗೆ ಬಂದ ಷೇರುಗಳು ಯಾರ ಹೆಸರಲ್ಲಿವೆ?" ಎಂದು ಅತ್ತಿಗೆ ಕೇಳಿದಳು. ಎಲ್ಲೋ ಒಂದು ಎಳೆ ಆಸೆ ಇನ್ನೂ ಉಳಿದಿತ್ತು.

ಮೇಡಂ ಪೆನ್ನು ಕೆಳಗಿಟ್ಟರು. "ಷೇರೇ ಇಲ್ಲಮ್ಮ. ನಿಜವಾದ ಷೇರು ಆದ್ರೆ ನಿಮ್ಮ ಹೆಸರಿನ ಷೇರು ಖಾತೆಲಿ ಬಂದು ಕೂತಿರುತ್ತೆ, ಈ ಆ್ಯಪ್ ಇಲ್ಲದೆನೂ ಅದನ್ನ ನೋಡಬಹುದು. ಅರ್ಜಿ ಹಾಕಿದ್ರೆ ಆ ದುಡ್ಡು ನಿಮ್ಮ ಬ್ಯಾಂಕಿನ ಖಾತೆಲೇ ತಡೆದಿರುತ್ತೆ, ಹಂಚಿಕೆ ಆದ ಮೇಲೆ ಹೋಗುತ್ತೆ. ಕೇಳಿದ್ದಕ್ಕಿಂತ ಹೆಚ್ಚು ಯಾರೂ ಕೊಡಲ್ಲ. ನಿಮ್ಮ ದುಡ್ಡು ಮಾರುಕಟ್ಟೆ ಮುಖವನ್ನೇ ನೋಡಿಲ್ಲ. ಆ ಟ್ರಾವೆಲ್ಸಿನವನ, ಟೈಲ್ಸಿನವನ ಖಾತೆಗೆ ಹೋಯ್ತು, ಅಲ್ಲಿಂದ ಹತ್ತು ಕಡೆ ಹಂಚಿಹೋಗ್ತಿರುತ್ತೆ. ಆ್ಯಪಲ್ಲಿ ಕಾಣೋದು ಅವರು ಕೂತು ಬರೆಯೋ ಅಂಕಿ."

"ಹತ್ತು ಸಾವಿರ ವಾಪಸ್ ಬಂತಲ್ಲ ಮೇಡಂ?"

"ಅದು ನಿಮಗೆ ಕೊಟ್ಟಿದ್ದಲ್ಲ. ನಿಮ್ಮ ಮೇಲೆ ಹಾಕಿದ ಬಂಡವಾಳ."

ಯಜಮಾನ ಅಷ್ಟು ಹೊತ್ತೂ ಗೋಡೆಯ ಹತ್ತಿರ ನಿಂತಿದ್ದ. ಈಗ ಬಂದು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತ. ಅವಳ ಮುಂದಿದ್ದ ನೀರಿನ ಲೋಟವನ್ನು ಅವಳ ಕೈಗೆ ಕೊಟ್ಟ.

ಅಲ್ಲಿಂದ ಪೊಲೀಸ್ ಠಾಣೆಗೆ ಹೋದರು. ಬರೆದುಕೊಂಡವನು ಹುಡುಗಪ್ರಾಯದವನು, ಆದರೆ ದಿನಕ್ಕೆ ಇಂಥವು ಎಷ್ಟೋ ಕೇಳಿದವನಂತೆ ಮುಂದಿನ ಮಾತನ್ನು ತಾನೇ ಹೇಳುತ್ತಿದ್ದ. "ಗುಂಪಿನಲ್ಲಿ ನೂರ ನಲವತ್ತು ಜನ ಇದ್ರಾ? ಅದರಲ್ಲಿ ನಿಮ್ಮಂಥೋರು ನಾಲ್ಕೋ ಐದೋ. ಮಿಕ್ಕವರೆಲ್ಲ ಅವರೇ." ಮಗಳ ಫೀಸು ಕಟ್ಟಿದವಳೂ, ಸ್ಕೂಟರ್ ಕೊಂಡ ಮೇಷ್ಟ್ರೂ ಎಂದು ಅತ್ತಿಗೆ ಯೋಚಿಸಿದಳು. ಆ ಮೇಷ್ಟ್ರಿಗೆ ಅವಳು ಶುಭಾಶಯ ಬೇರೆ ಹೇಳಿದ್ದಳು.

"ಲ್ಯಾಬಿಗೆ ಜನ ಬರ್ತಾರೆ ಅಂದ್ರು," ಎಂದಳು.

"ಬರಲ್ಲ. ಅವರು ಎಲ್ಲಿದಾರೆ ಅಂತ ಅವರಿಗೇ ಸರಿಯಾಗಿ ಗೊತ್ತಿರಲ್ಲ. ಬಂದ್ರೆ ನಮಗೆ ಫೋನ್ ಮಾಡಿ, ನಮಗೂ ಅವರು ಬೇಕು."

ಅವನು ಹೇಳಿದ್ದು ನಿಜವಿರಬಹುದು. ಆದರೂ ಆ ಸಂಜೆ ಐದು ಗಂಟೆಗೆ ಮೂವರೂ ಲ್ಯಾಬಿನಲ್ಲಿ ಚಿಲಕ ಹಾಕಿ ಕೂತಿದ್ದರು. ಮೆಟ್ಟಿಲ ಮೇಲೆ ಯಾರದೋ ಚಪ್ಪಲಿಯ ಸದ್ದು ಬಂತು. ಅದು ಅವರ ಮಹಡಿಯಲ್ಲಿ ತುಸು ನಿಧಾನವಾಯಿತು. ಅತ್ತಿಗೆ ಯಜಮಾನನ ತೋಳು ಹಿಡಿದಳು. ಸದ್ದು ಮೇಲಕ್ಕೆ ಹೋಯಿತು.

"ಮೇಲಿನ ಮನೆ ಟ್ಯೂಷನ್ ಮೇಡಂ," ಎಂದ ರೇಡಿಯೋ, ಹಣೆ ಒರೆಸಿಕೊಳ್ಳುತ್ತ. "ಆಯಮ್ಮನ ಹೆಜ್ಜೆಗೆ ನಾನು ಇಷ್ಟು ಹೆದರಿದ್ದು ಅವರ ಹತ್ರ ಲೆಕ್ಕ ಕಲಿಯೋಕೆ ಹೋದಾಗ."

ಯಾರೂ ಬರಲಿಲ್ಲ. ಗುಂಪಿನಲ್ಲಿ ಅತ್ತಿಗೆ, ನನ್ನ ಹಣ ವಾಪಸ್ ಬರುತ್ತಿಲ್ಲ, ಯಾರೂ ಕಟ್ಟಬೇಡಿ, ಎಂದು ಒಂದು ಸಾಲು ಬರೆದಳು. ಎಲ್ಲದರ ಚಿತ್ರ ಆಗಲೇ ಪೊಲೀಸರ ಹತ್ತಿರವಿತ್ತು. ಆ ನಾಲ್ಕೈದು ಜನರಲ್ಲಿ ಒಬ್ಬರಾದರೂ ಓದಲಿ ಎಂದು ಅವಳ ಆಸೆ. ಕಣ್ಣು ಮಿಟುಕಿಸುವುದರೊಳಗೆ ಆ ಸಾಲು ಮಾಯವಾಯಿತು, ಅವಳನ್ನೂ ಹೊರಗೆ ಹಾಕಿದರು. ಯಾರಾದರೂ ಓದಿದರೋ ಇಲ್ಲವೋ ಅವಳಿಗೆ ಎಂದೂ ತಿಳಿಯಲಿಲ್ಲ.

ಸೋಮವಾರ ಬಂದ ಯಂತ್ರದ ಕಂಪನಿಯವನನ್ನು ಯಜಮಾನ ಕೂರಿಸಿ ಕಾಫಿ ಕೊಟ್ಟು, ಈ ವರ್ಷ ಆಗುವುದಿಲ್ಲ ಎಂದು ಹೇಳಿ ಕಳಿಸಿದ. ಯಾಕೆ ಎಂದು ಹೇಳಲಿಲ್ಲ. ಅದಕ್ಕೆ ಅತ್ತಿಗೆ ಒಳಗೆ ಹೋಗಿ ಅತ್ತಳು.

ಎರಡು ತಿಂಗಳ ಮೇಲೆ ಇನ್ನೊಂದು ಕರೆ ಬಂತು. ಗಂಭೀರ ದನಿ. ಮೋಸ ಹೋದವರ ಹಣ ವಾಪಸು ಕೊಡಿಸುವ ಕಚೇರಿಯಂತೆ. ನಿಮ್ಮ ನಾಲ್ಕು ಲಕ್ಷ ನಲವತ್ತು ಸಾವಿರ ಸಿಕ್ಕಿದೆ, ಬಿಡುಗಡೆಯ ಶುಲ್ಕ ಹದಿನೆಂಟು ಸಾವಿರ ಕಟ್ಟಿದರೆ ಸಾಕು, ಎಂದಿತು. ಮೊತ್ತ ಒಂದಂಕಿಯೂ ತಪ್ಪಿರಲಿಲ್ಲ. ಕಟ್ಟಿಬಿಡಬೇಕು ಎಂದು ಅತ್ತಿಗೆಗೆ ಒಂದು ಗಳಿಗೆ ನಿಜವಾಗಿ ಅನಿಸಿತು. ಹದಿನೆಂಟು ಸಾವಿರ ಏನು ಮಹಾ. ಆ ಆಸೆ ತನ್ನೊಳಗೆ ಇನ್ನೂ ಜೀವಂತ ಇರುವುದು ಕಂಡು ಅವಳಿಗೆ ಬೆವರು ಬಂತು. ಬ್ಯಾಂಕು, ಪೊಲೀಸರು ಬಿಟ್ಟರೆ ಅಷ್ಟು ಸರಿಯಾದ ಮೊತ್ತ ಕಳ್ಳರಿಗಲ್ಲದೆ ಇನ್ಯಾರಿಗೆ ಬಾಯಿಪಾಠವಿರುತ್ತದೆ?

"ಒಳಗಿರೋದ್ರಲ್ಲೇ ಮುರ್ಕೊಂಡು ಉಳಿದಿದ್ದು ಕಳಿಸಪ್ಪ," ಎಂದಳು. ಆ ಕಡೆಯಿಂದ ಕೆಟ್ಟ ಬೈಗುಳ ಬಂತು, ಕರೆ ನಿಂತಿತು. ಅವಳು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು.

ಮರುದಿನದಿಂದ ಲ್ಯಾಬಿನ ಖಾತೆಯಿಂದ ಸಣ್ಣದಿರಲಿ, ದೊಡ್ಡದಿರಲಿ, ಯಾವ ಮೊತ್ತ ಹೋಗಬೇಕಾದರೂ ಇಬ್ಬರ ಒಪ್ಪಿಗೆ ಬೇಕೆಂದು ಅವಳೇ ಬ್ಯಾಂಕಿಗೆ ಬರೆದು ಕೊಟ್ಟಳು. ರೇಡಿಯೋಗೆ ದಿನಕ್ಕೆ ಆರೇಳು ಸಲ ಮೇಣದ ಕೈ ತೊಳೆದು ಫೋನು ಹಿಡಿಯುವ ಕೆಲಸವಾಯಿತು. ಪ್ರತಿ ಸಲವೂ ಹೆಸರನ್ನು ಗಟ್ಟಿಯಾಗಿ ಓದುತ್ತಾನೆ. ಯಾರೂ ಸಾಕು ಸುಮ್ಮನಿರು ಎನ್ನುವುದಿಲ್ಲ.

ಕೊನೆಯ ಒಂದೂವರೆ ಲಕ್ಷದಲ್ಲಿ ಒಂದು ಲಕ್ಷ ಹನ್ನೆರಡು ಸಾವಿರ ಟೈಲ್ಸಿನವನ ಖಾತೆಯಲ್ಲೇ ತಡೆಯಾಗಿತ್ತು. ಬಿಡುಗಡೆಗೆ ಕೋರ್ಟಿನ ಆದೇಶ ಬರಲು ಏಳು ತಿಂಗಳು ಹಿಡಿಯಿತು. ಮಿಕ್ಕದ್ದು ಹೋದದ್ದೇ. ಟ್ರಯಲ್‌ನಲ್ಲಿ ಬಂದ ಸಾವಿರದ ಇನ್ನೂರನ್ನು ಕಳೆದರೆ ನಷ್ಟ ಮೂರು ಲಕ್ಷ ಇಪ್ಪತ್ತಾರು ಸಾವಿರದ ಎಂಟುನೂರು. ವರ್ಷದ ಕೊನೆಗೆ ಮೂರನೆಯ ಡಾಕ್ಟರೂ ಹೋದರು. ಖಾತೆಯಲ್ಲಿ ಯಂತ್ರಕ್ಕೆಂದು ಉಳಿದದ್ದು ಹನ್ನೊಂದು ಲಕ್ಷ ಎಪ್ಪತ್ಮೂರು ಸಾವಿರದ ಇನ್ನೂರು.